ಕಂದು ಬಾಟಲಿಗೆ ಪಂಚೆಯೋ, ಸಾಫ್ಟ್‌ಬಾಕ್ಸೋ, ಟ್ರೇಸಿಂಗ್ ಹಾಳೆಯೋ?

ಶಿರಸಿಯ ನಮ್ಮ ಮನೆಯಲ್ಲಿ ಅತ್ತಿಗೆ ಮುರುಗಲ ತುಪ್ಪದ ಕ್ರೀಮು ಮಾಡಿ ಮಾರುತ್ತಾರೆ. ಇಷ್ಟು ದಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿಸುತ್ತಿದ್ದುದನ್ನು ಈ ವರ್ಷ ಗಾಜಿನ ಭರಣಿಗೆ ಬದಲಾಯಿಸಿದರು. ಜೊತೆಗೆ ಮುಖಕ್ಕೆ ಹಚ್ಚುವ ಎಣ್ಣೆಯನ್ನು 30 ಮಿ.ಲೀ.ಯ ಕಂದು ಡ್ರಾಪರ್ ಬಾಟಲಿಯಲ್ಲಿ ಹೊಸದಾಗಿ ತಂದರು. ಡಬ್ಬಿಯ ಕಾಲದಲ್ಲಿ ಮೊಬೈಲಿನಲ್ಲಿ ತೆಗೆದ ಫೋಟೊ ಸಾಕಾಗುತ್ತಿತ್ತು. ಗಾಜು ಬಂದ ಮೇಲೆ ತೆಗೆದ ಮೊದಲ ಫೋಟೊದಲ್ಲಿ ಬಾಟಲಿಯ ಎಡಕ್ಕೆ ಕಿಟಕಿಯ ಸರಳುಗಳು, ಬಲಕ್ಕೆ ಕ್ಯಾಲೆಂಡರು, ನಡುವೆ ನನ್ನ ಗೀಟಿನ ಅಂಗಿ. ಅತ್ತಿಗೆ ನೋಡಿ, "ಇದರಲ್ಲಿ ಎಣ್ಣೆ ಒಂದು ಬಿಟ್ಟು ಮನೆಯೆಲ್ಲ ಕಾಣುತ್ತಿದೆಯಲ್ಲ" ಎಂದರು.

ತಪ್ಪು ಬಾಟಲಿಯದಲ್ಲ. ಹೊಳೆಯುವ ಗಾಜು ತನ್ನನ್ನು ತೋರಿಸಿಕೊಳ್ಳುವುದಕ್ಕಿಂತ ಎದುರಿಗಿದ್ದುದನ್ನೇ ಹೆಚ್ಚು ತೋರಿಸುತ್ತದೆ. ದುಂಡನೆಯ ಬಾಟಲಿಯಾದರಂತೂ ಇಡೀ ಕೋಣೆಯನ್ನು ಹಿಂಡಿ ಎರಡು ಬೆರಳಗಲದೊಳಗೆ ಕೂರಿಸುತ್ತದೆ. ಆದ್ದರಿಂದ ಗಾಜಿನ ಮೇಲೆ ಬೆಳಕು ಬಿಡುವುದಕ್ಕಿಂತ, ಗಾಜಿಗೆ ಏನು ಕಾಣಬೇಕು ಎಂಬುದನ್ನು ನಿರ್ಧರಿಸುವುದೇ ದೊಡ್ಡ ಕೆಲಸ. ಅದಕ್ಕೆ ಮೂರು ದಾರಿ ಹಿಡಿದು ನೋಡಿದೆ. ಕ್ಯಾಮೆರಾ, ಟ್ರೈಪಾಡ್, ಮೇಜು ಮೂರರಲ್ಲೂ ಅವೇ.

ಮೊದಲನೆಯದು ಖರ್ಚಿಲ್ಲದ ದಾರಿ. ಜಗುಲಿಯ ಕಿಟಕಿಗೆ ಬಿಳಿ ಪಂಚೆ ಕಟ್ಟಿ, ಪಕ್ಕದಲ್ಲಿ ಮೇಜು ಹಾಕಿದೆ. ಸರಳುಗಳು ಮಾಯವಾದವು, ಬೆಳಕು ಮೆತ್ತಗಾಯಿತು. ಆದರೆ ಭರಣಿಯೊಳಗಿನ ಬಿಳಿ ಕ್ರೀಮು ಯಾಕೋ ಹಸಿಹಸಿಯಾಗಿ, ಪಾಚಿ ಕಟ್ಟಿದಂತೆ ಕಂಡಿತು. ಕಿಟಕಿಯ ಹೊರಗೆ ಹತ್ತು ಮಾರು ದೂರದಲ್ಲಿ ಅಡಿಕೆ ತೋಟ. ಆಕಾಶದ ಬೆಳಕು ನೇರವಾಗಿ ಬರುವುದು ಕಿಟಕಿಯ ಮೇಲ್ಭಾಗದಿಂದ ಮಾತ್ರ; ಕೆಳಗಿನ ಅರ್ಧಕ್ಕೆ ಬರುವುದು ಎಲೆಗಳ ಮೇಲೆ ಬಿದ್ದು ಹಸಿರಾದ ಬೆಳಕು. ಬೂದು ಕಾರ್ಡು ಇಟ್ಟು ಬಣ್ಣ ಸರಿಪಡಿಸಲು ನೋಡಿದೆ. ಒಂದು ಬದಿ ಬಿಳಿಯಾದರೆ ಇನ್ನೊಂದು ಬದಿ ನಸುಗೆಂಪಾಯಿತು, ಏಕೆಂದರೆ ಎರಡು ಬಣ್ಣದ ಬೆಳಕು ಬೆರೆತಿರುವಾಗ ಒಂದೇ ತಿದ್ದುಪಡಿ ಎರಡಕ್ಕೂ ಹೊಂದುವುದಿಲ್ಲ. ಕೊನೆಗೆ ಕಿಟಕಿಯ ಕೆಳಗಿನ ಅರ್ಧವನ್ನು ರಟ್ಟಿನಿಂದ ಮುಚ್ಚಿದ ಮೇಲೆ ಕ್ರೀಮು ಬಿಳಿಯಾಯಿತು. ಮೋಡ ಸರಿದಾಗಲೆಲ್ಲ ಫೋಟೊದ ಬೆಳಕು ಏರಿಳಿಯುವುದಕ್ಕೆ ಮಾತ್ರ ಮದ್ದಿಲ್ಲ. ಆಷಾಢದಲ್ಲಿ ಹತ್ತು ಬಾಟಲಿಯ ಫೋಟೊ ಒಂದೇ ತರಹ ಬರಬೇಕೆಂದರೆ ಕಿಟಕಿಯನ್ನು ನಂಬಬಾರದು.

ಎರಡನೆಯದು 60 ಸೆಂ.ಮೀ. ಚೌಕದ ಸಾಫ್ಟ್‌ಬಾಕ್ಸ್, ಅಂದರೆ ಮುಂಬದಿಗೆ ಬಿಳಿ ಬಟ್ಟೆ ಬಿಗಿದ ಪೆಟ್ಟಿಗೆ, ಒಳಗೆ ಎಲ್‌ಇಡಿ ದೀಪ. ಬಣ್ಣ ಸ್ಥಿರ, ಹೊತ್ತಿನ ಹಂಗಿಲ್ಲ. ಆದರೆ ಬಾಟಲಿಯ ಹೆಗಲ ಮೇಲೆ ಅಂಚು ಚೂಪಾದ ಒಂದು ಬಿಳಿ ಆಯತ ಅಂಟಿಸಿದಂತೆ ಕೂತಿತು. ಹಿಗ್ಗಿಸಿ ನೋಡಿದರೆ ಆ ಆಯತದೊಳಗೆ ಬಟ್ಟೆಯ ಮಡಿಕೆ, ನಡುವೆ ದೀಪದ ಗುಂಡನೆಯ ಪ್ರಭೆ. ದುಬಾರಿ ಬಾಟಲಿಯ ಜಾಹೀರಾತುಗಳಲ್ಲಿ ಗಾಜಿನ ಒಂದು ಅಂಚಿನಲ್ಲಿ ಬೆಳಗುವ ಹೊಳಪು ನಿಧಾನವಾಗಿ ಕರಗುತ್ತಾ ಕತ್ತಲೆಗೆ ಇಳಿಯುತ್ತದೆ. ಕಣ್ಣಿಗೆ 'ಬೆಲೆಯುಳ್ಳದ್ದು' ಅನ್ನಿಸುವುದು ಆ ಇಳಿತದಿಂದ. ಸಾಫ್ಟ್‌ಬಾಕ್ಸಿನ ಬಿಳಿಯೋ, ಇದ್ದಲ್ಲಿ ಪೂರ್ತಿ ಇದೆ, ಇಲ್ಲದಲ್ಲಿ ಪೂರ್ತಿ ಇಲ್ಲ.

ಮೂರನೆಯ ದಾರಿ ಅದೇ ದೀಪದ್ದು. ಸಾಫ್ಟ್‌ಬಾಕ್ಸಿನ ಬಟ್ಟೆ ಕಳಚಿ ದೀಪವನ್ನು ಬರಿದಾಗಿಸಿದೆ. ಬಾಟಲಿಯಿಂದ ಒಂದು ಗೇಣು ಎಡಕ್ಕೆ ಟ್ರೇಸಿಂಗ್ ಹಾಳೆಯನ್ನು ಮೇಲಿನಿಂದ ಇಳಿಬಿಟ್ಟೆ. ಬಾಟಲಿಗಿಂತ ಹಾಳೆ ಬಹಳ ಎತ್ತರವಿರಬೇಕು, ಇಲ್ಲದಿದ್ದರೆ ಅದರ ಅಂಚೇ ಗಾಜಿನಲ್ಲಿ ಮೂಡುತ್ತದೆ. ಹಾಳೆಯ ಹಿಂದೆ ದೀಪ. ಇಲ್ಲಿ ಆಟವೆಲ್ಲ ದೀಪಕ್ಕೂ ಹಾಳೆಗೂ ನಡುವಿನ ಅಂತರದ್ದು. ತೀರ ಹತ್ತಿರ ತಂದರೆ ಗಾಜಿನಲ್ಲಿ ಹುಣ್ಣಿಮೆ ಚಂದ್ರನಂತೆ ಒಂದು ಬೊಟ್ಟು. ಒಂದೂವರೆ ಮೀಟರ್ ಹಿಂದೆ ಸರಿಸಿದರೆ ಹಾಳೆ ಪೂರ್ತಿ ಒಂದೇ ಸಮ ಬೆಳಗಿ, ಮತ್ತೆ ಸಾಫ್ಟ್‌ಬಾಕ್ಸಿನದೇ ಆಯತ. ಸುಮಾರು 50 ಸೆಂ.ಮೀ. ದೂರದಲ್ಲಿಟ್ಟು, ದೀಪದ ಮುಖವನ್ನು ಹಾಳೆಯ ಹಿಂಬದಿಯ ಅಂಚಿನ ಕಡೆಗೆ ತುಸು ತಿರುಗಿಸಿದಾಗ ಹೊಳಪು ಒಂದು ಕಡೆ ಗಟ್ಟಿಯಾಗಿ ಇನ್ನೊಂದು ಕಡೆಗೆ ಕರಗಿತು. ಬಾಟಲಿಯ ಹೆಗಲಿನ ತಿರುವಿನಲ್ಲೂ ಆ ಗೆರೆ ತುಂಡಾಗದೆ ಹರಿಯಿತು.

ಆದರೂ ಎಣ್ಣೆ ಕಪ್ಪಗೇ ಇತ್ತು, ಕಷಾಯ ತುಂಬಿಸಿಟ್ಟ ಹಾಗೆ. ಕಂದು ಗಾಜಿಗೆ ಮುಂದಿನಿಂದ ಎಷ್ಟು ಬೆಳಕು ಕೊಟ್ಟರೂ ಒಳಗಿನದು ಬೆಳಗುವುದಿಲ್ಲ. ಬೆಳಕು ಹಿಂದಿನಿಂದ ದಾಟಿ ಬರಬೇಕು. ಚಾಕೊಲೇಟಿನ ಬೆಳ್ಳಿ ಕಾಗದವನ್ನು ರಟ್ಟಿಗೆ ಅಂಟಿಸಿ, ಬಾಟಲಿಯ ಆಕಾರಕ್ಕೇ ಒಂದು ನೂಲು ಚಿಕ್ಕದಾಗಿ ಕತ್ತರಿಸಿ, ಬೆನ್ನಿಗೆ ಓರೆಯಾಗಿ ನಿಲ್ಲಿಸಿದೆ. ಎಣ್ಣೆ ಜೇನಿನ ಬಣ್ಣಕ್ಕೆ ತಿರುಗಿತು. ರಟ್ಟು ಕ್ಯಾಮೆರಾಕ್ಕೆ ಕಾಣಬಾರದು, ದೀಪಕ್ಕೆ ಕಾಣಬೇಕು. ಅಷ್ಟು ಹೊಂದಿಸುವುದಕ್ಕೆ ನನಗೆ ಅರ್ಧ ಗಂಟೆ ಹಿಡಿಯಿತು.

ಹಾಳೆಗೂ ಒಂದು ರೋಗವಿದೆ. ಟ್ರೇಸಿಂಗ್ ಹಾಳೆ ಗಾಳಿಯ ತೇವ ಹೀರಿ ಹಪ್ಪಳದಂತೆ ಸೊಟ್ಟಗಾಗುತ್ತದೆ. ಜುಲೈ ತಿಂಗಳಲ್ಲಿ ಸಂಜೆ ಕಟ್ಟಿದ್ದು ಬೆಳಗಾಗುವುದರೊಳಗೆ ಅಲೆಅಲೆಯಾಗಿತ್ತು, ಆ ಅಲೆಗಳು ಬಾಟಲಿಯ ಹೊಳಪಿನಲ್ಲೂ ನಡುಗಿದವು. ನಕ್ಷೆ ಬರೆಯುವವರು ಬಳಸುವ ಮಸುಕು ಪಾಲಿಯೆಸ್ಟರ್ ಹಾಳೆಗೆ ಬದಲಾಯಿಸಿದ ಮೇಲೆ ಆ ಕಾಟ ತಪ್ಪಿತು. ಶಿರಸಿಯಲ್ಲೇ ಹೀಗಾದರೆ ಕಾರವಾರ, ಕುಮಟಾದ ಕಡಲ ಗಾಳಿಯಲ್ಲಿ ಕಾಗದದ ಹಾಳೆಗೆ ಕೈ ಹಾಕದಿರುವುದೇ ಲೇಸು.

ಗಾಜಿನ ಮಟ್ಟಿಗೆ ಮೂರನೆಯದೇ ಗೆದ್ದಿತು. ಹಾಗಾದರೆ ಕ್ರೀಮಿಗೂ ಅದೇ ಸಾಕು ಎಂದುಕೊಂಡಿದ್ದೆ. ಕಪ್ಪು ಟೈಲಿನ ಮೇಲೆ ಚಮಚದ ಬೆನ್ನಿನಿಂದ ಕ್ರೀಮನ್ನು ಒಮ್ಮೆ ಎಳೆದು, ಅದೇ ಹಾಳೆಯ ಪಕ್ಕದಲ್ಲಿಟ್ಟೆ. ಸುಣ್ಣ ಬಳಿದಂತೆ ಚಪ್ಪಟೆ. ಗಾಜು ದೊಡ್ಡ ಬೆಳಕನ್ನು ಬೇಡಿದರೆ ಕ್ರೀಮು ಸಣ್ಣ ಬೆಳಕನ್ನು ಬೇಡುತ್ತದೆ, ಅದೂ ಮೇಜಿನ ಮಟ್ಟಕ್ಕೆ ಇಳಿದು ಓರೆಯಾಗಿ ತಾಗುವಂಥದ್ದನ್ನು. ಚಮಚ ಬಿಟ್ಟ ಗೆರೆಗೆ ಒಂದು ಮಗ್ಗುಲಲ್ಲಿ ನೆರಳು ಬಿದ್ದರೆ ಮಾತ್ರ ಅದು ಗೆರೆ. ಗಾಜಿನಲ್ಲಿ ಸೋತಿದ್ದ ಕಿಟಕಿ ಇಲ್ಲಿ ಮೇಲಕ್ಕೆ ಬಂತು. ಪಂಚೆ ತೆಗೆದು, ರಟ್ಟನ್ನು ಏರಿಸಿ ಬರೀ ಮೂರು ಬೆರಳಗಲದ ಸೀಳು ಬಿಟ್ಟು, ಟೈಲನ್ನು ಹೆಚ್ಚುಕಡಿಮೆ ಆ ಸೀಳಿನ ಮಟ್ಟಕ್ಕೇ ಎತ್ತರಿಸಿ ಒಂದು ಮೀಟರ್ ದೂರ ಇಟ್ಟಾಗ ಸುರುಳಿಯ ಪ್ರತಿ ಏಣೂ ಎದ್ದು ಕಂಡಿತು. ಫೋಟೊದಲ್ಲಿ ಕಪ್ಪಿಗೆ 0, ಪೂರ್ತಿ ಬಿಳಿಗೆ 255 ಎನ್ನುವ ಅಳತೆಯಲ್ಲಿ ಕ್ರೀಮಿನ ಅತಿ ಬೆಳಗುವ ಭಾಗ 245 ದಾಟದಂತೆ ನೋಡಿಕೊಂಡೆ. 255 ಮುಟ್ಟಿದರೆ ಅಲ್ಲಿ ಬರೀ ಕಾಗದದ ಬಿಳಿ, ಆಮೇಲೆ ಏನು ತಿದ್ದಿದರೂ ಗೆರೆ ಮರಳುವುದಿಲ್ಲ.

ಎದ್ದು ಕಂಡದ್ದು ಗೆರೆ ಮಾತ್ರವಲ್ಲ. ಸುರುಳಿಯ ತುಂಬ ಸಣ್ಣ ಸಣ್ಣ ಕಾಳು. "ರವೆ ಕೇಸರಿಯ ಫೋಟೊ ತೆಗೆದೆಯಾ?" ಎಂದು ಅತ್ತಿಗೆ ಸಿಟ್ಟಾದರು. ಸಾಫ್ಟ್‌ಬಾಕ್ಸಿನಲ್ಲಿ ಆ ಕಾಳು ಕಾಣುವುದಿಲ್ಲ, ಅದರಲ್ಲೇ ತೆಗೆದುಬಿಡೋಣ ಎಂದು ನಾನು ಹೇಳಿದ್ದು ಅವರಿಗೆ ಇನ್ನೂ ಹಿಡಿಸಲಿಲ್ಲ. ಮುರುಗಲ ತುಪ್ಪ ನಿಧಾನವಾಗಿ ತಣಿದರೆ ಒಳಗೆ ದಪ್ಪ ಹರಳು ಕಟ್ಟುತ್ತದೆ. ಅವರು ಆ ಭರಣಿಯಷ್ಟನ್ನು ಮತ್ತೆ ಕರಗಿಸಿ, ಪಾತ್ರೆಯನ್ನು ಐಸ್ ನೀರಿನಲ್ಲಿಟ್ಟು ಬಿಡದೆ ಕಡೆದು ತಣಿಸಿದರು. ಮರುದಿನ ಅದೇ ಸೀಳು, ಅದೇ ಚಮಚ. ಈ ಸಲ ಸುರುಳಿ ಬೆಣ್ಣೆಯಂತೆ ನುಣ್ಣಗಿತ್ತು.

ಈಗ ಬಾಟಲಿ, ಭರಣಿಗಳನ್ನು ಪಾಲಿಯೆಸ್ಟರ್ ಹಾಳೆಯ ಪಕ್ಕದಲ್ಲಿ ರಾತ್ರಿ ಹೊತ್ತು ತೆಗೆಯುತ್ತೇನೆ, ಕ್ರೀಮಿನ ಸುರುಳಿಯನ್ನು ಮಳೆ ಹೊಳವಾದ ಬೆಳಿಗ್ಗೆ ಕಿಟಕಿಯಲ್ಲಿ. ಸಾಫ್ಟ್‌ಬಾಕ್ಸಿನ ಬಟ್ಟೆಯನ್ನೂ ಎಸೆದಿಲ್ಲ. ಸಾಬೂನು, ರಟ್ಟಿನ ಪೆಟ್ಟಿಗೆಯಂಥ ಹೊಳಪಿಲ್ಲದ ಸಾಮಾನಿಗೆ ಅದಕ್ಕಿಂತ ಬೇಗ ಆಗುವುದು ಬೇರೊಂದಿಲ್ಲ. ದರಪಟ್ಟಿಗೆ ಬೇಕಾದ ಅಂಥ ಸಾಮಾನಿನ ಹನ್ನೆರಡು ಫೋಟೊ ಒಂದೇ ಬೆಳಿಗ್ಗೆ ಮುಗಿದವು.