ಅಂಕಪಟ್ಟಿ ಸಾರಾಂಶ ಸೇವೆ: ಎರಡು ವರ್ಷ ಬಳಸಿದ ಮೇಲೆ, 5ಕ್ಕೆ 3

ಅಂಕಪಟ್ಟಿಯ ಫೋಟೋ ಹಾಕಿದರೆ ‘ಚೆನ್ನಾಗಿರುವುದು’, ‘ಗಮನಿಸಬೇಕಾದ್ದು’ ಅಂತ ಎರಡು ಪಟ್ಟಿ ಮಾಡಿಕೊಡುವ ಸೇವೆ ಇದು. ಆರು ಅಂಕಪಟ್ಟಿ ಹಾಕಿ ನೋಡಿದ್ದಾಯಿತು. ಅಂಕಗಳ ಮಟ್ಟಿಗೆ ಪರವಾಗಿಲ್ಲ, ಶಿಕ್ಷಕರ ಷರಾ ಓದುವುದರಲ್ಲಿ ಮಾತ್ರ ತೀರಾ ಮುಗ್ಧ.

ಏಳನೇ ತರಗತಿಯ ಒಂದು ಪಟ್ಟಿಯನ್ನೇ ನೋಡಿ. ಗಣಿತದ ಷರಾ: ‘ಬುದ್ಧಿವಂತೆ, ಅವಸರ ಬಿಟ್ಟರೆ ಇನ್ನೂ ಚೆನ್ನಾಗಿ ಮಾಡಬಲ್ಲಳು.’ ವಿಜ್ಞಾನ: ‘ಪ್ರಯೋಗದಲ್ಲಿ ಆಸಕ್ತಿ ಇದೆ, ರೆಕಾರ್ಡ್ ಪುಸ್ತಕ ತಡವಾಗಿ ಬರುತ್ತದೆ.’ ಸಮಾಜ: ‘ಉತ್ತರಗಳನ್ನು ಪೂರ್ತಿ ಬರೆಯಲಿ.’ ತರಗತಿ ಶಿಕ್ಷಕರದು: ‘ಶಾಂತ ಸ್ವಭಾವ.’

ಸಾರಾಂಶದಲ್ಲಿ ಬುದ್ಧಿವಂತೆ, ಆಸಕ್ತಿ ಇದೆ, ಶಾಂತ ಸ್ವಭಾವ ಮೂರೂ ಮೊದಲ ಪಟ್ಟಿಗೆ ಹೋದವು. ಎರಡನೆಯದರಲ್ಲಿ ಒಂದೇ ಸಾಲು: ‘ಗಣಿತದಲ್ಲಿ 74ರಿಂದ 62ಕ್ಕೆ ಕುಸಿತ.’

ಶಿಕ್ಷಕರು ಮೊದಲು ಹೊಗಳಿ, ಹೇಳಬೇಕಾದ್ದನ್ನು ಕೊನೆಗೆ ಇಡುತ್ತಾರೆ. ‘ಇನ್ನೂ’, ‘ಬಿಟ್ಟರೆ’, ‘ಬರೆಯಲಿ’ ಎಂಬ ಪದಗಳ ಸುತ್ತಲೇ ಅಸಲು ಮಾತಿರುತ್ತದೆ. ಇಲ್ಲಿ ಮೂರು ವಿಷಯದವರು ಬೇರೆ ಬೇರೆ ಮಾತಿನಲ್ಲಿ ಒಂದನ್ನೇ ಹೇಳಿದ್ದಾರೆ: ಬರವಣಿಗೆಯ ಕೆಲಸ ಸರಿಯಾಗಿ ಮುಗಿಯುತ್ತಿಲ್ಲ. ಪಟ್ಟಿಯಲ್ಲಿ ಮೊದಲು ಬರಬೇಕಿದ್ದ ಸಾಲು ಅದು, ಎಲ್ಲೂ ಇಲ್ಲ. ‘ಶಾಂತ ಸ್ವಭಾವ’ವನ್ನಂತೂ ಯಾವ ಪಟ್ಟಿಗೂ ಸೇರಿಸುವ ಹಾಗಿಲ್ಲ. ಗಲಾಟೆ ಮಾಡುವುದಿಲ್ಲ ಅಂತಲೂ ಆಗಬಹುದು, ಅರ್ಥವಾಗದಿದ್ದರೂ ಕೈ ಎತ್ತಿ ಕೇಳುವುದಿಲ್ಲ ಅಂತಲೂ ಆಗಬಹುದು. ಶಿಕ್ಷಕರನ್ನೇ ಕೇಳಬೇಕು.

ಇನ್ನು ಆ ‘ಕುಸಿತ’. ಮೊದಲಿನದು 25 ಅಂಕದ ಕಿರುಪರೀಕ್ಷೆ, 18.5 ಬಂದಿದ್ದನ್ನು ನೂರಕ್ಕೆ ಏರಿಸಿ 74 ಮಾಡಿದ್ದಾರೆ. ಅಲ್ಲಿ ಎರಡು ಅಂಕದ ಒಂದು ಲೆಕ್ಕ ತಪ್ಪಿದರೆ ಶೇ 8 ಹೋಗುತ್ತದೆ. ಎರಡನೆಯದು ನೂರು ಅಂಕದ ಅರ್ಧವಾರ್ಷಿಕ, ಪಾಠಗಳೂ ಹೆಚ್ಚು. ಎರಡನ್ನೂ ಪಕ್ಕಪಕ್ಕ ಇಟ್ಟು ಕುಸಿತ ಅನ್ನುವುದು ದುಡುಕು. ತರಗತಿಯ ಸರಾಸರಿ ಪಟ್ಟಿಯಲ್ಲೇ ಇದ್ದರೆ ಅದರ ಜೊತೆ ಹೋಲಿಸಬೇಕು. ಈ ಸೇವೆ ಆ ಕಾಲಂ ಕಡೆ ತಿರುಗಿಯೂ ನೋಡುವುದಿಲ್ಲ.

ಕೈಬರಹದ ಷರಾ ಇದ್ದರೆ ಫೋಟೋ ನಂಬಬೇಡಿ, ಟೈಪ್ ಮಾಡಿ ಹಾಕಿ. ಒಮ್ಮೆ ‘ಗಮನವಿಲ್ಲ’ ಅನ್ನುವುದು ‘ಗಮನವಿದೆ’ ಆಗಿ ಬಂದಿತ್ತು! ಹೆಸರು, ದಾಖಲಾತಿ ಸಂಖ್ಯೆ ಇರುವ ಮೇಲ್ಭಾಗವನ್ನು ಕತ್ತರಿಸಿಯೇ ಹಾಕಿ, ಸಾರಾಂಶಕ್ಕೆ ಅದು ಬೇಕಾಗಿಲ್ಲ.

ಸೆಟ್ಟಿಂಗ್‌ನಲ್ಲಿ ಪ್ರತಿ ಅಂಶದ ಕೆಳಗೆ ಮೂಲ ಷರಾ ತೋರಿಸುವ ಆಯ್ಕೆ ಇದೆ. ಮೂರು ಅಂಕ ಕೊಟ್ಟಿರುವುದು ಅದಕ್ಕೇ. ಅದನ್ನು ಆನ್ ಮಾಡಿದರೆ ‘ಬುದ್ಧಿವಂತೆ’ಯ ಕೆಳಗೆ ‘ಅವಸರ ಬಿಟ್ಟರೆ’ ಕಣ್ಣಿಗೆ ಬೀಳುತ್ತದೆ. ಆಗ ಪೋಷಕರ ಸಭೆಗೆ ಹೋಗುವಾಗ ‘ಗಣಿತ ಯಾಕೆ ಕಡಿಮೆ?’ ಎನ್ನುವುದರ ಬದಲು ‘ಉತ್ತರ ಗೊತ್ತಿದ್ದೂ ಅರ್ಧಕ್ಕೆ ಬಿಡುತ್ತಾಳಾ, ಸಮಯ ಸಾಲುತ್ತಿಲ್ಲವಾ?’ ಎಂದು ಕೇಳಬಹುದು.