ಶೇಕಡಾ 99ಕ್ಕೆ ನಿಂತ ಗೇಮ್ ಡೌನ್‌ಲೋಡ್: ನಾಲ್ಕು ಪರಿಹಾರಗಳ ಹೋಲಿಕೆ

ಸ್ಟೀಮ್ ಲಾಂಚರ್‌ನಲ್ಲಿ ಗೇಮ್ ಅಥವಾ ಅದರ ಅಪ್‌ಡೇಟ್ ಕೊನೆಯ ಹಂತಕ್ಕೆ ಬಂದು ನಿಂತುಬಿಟ್ಟಾಗ ಸಾಮಾನ್ಯವಾಗಿ ನಾಲ್ಕು ಪರಿಹಾರಗಳನ್ನು ಸೂಚಿಸಲಾಗುತ್ತದೆ: ಡೌನ್‌ಲೋಡ್ ಕ್ಯಾಶ್ ಅಳಿಸುವುದು, ಅರ್ಧ ಉಳಿದ ಫೋಲ್ಡರನ್ನು ತೆಗೆದುಹಾಕುವುದು, ಫೈಲ್‌ಗಳನ್ನು ವೆರಿಫೈ ಮಾಡಿಸುವುದು ಮತ್ತು ಇಡೀ ಗೇಮನ್ನು ಅಳಿಸಿ ಹೊಸದಾಗಿ ಇಳಿಸಿಕೊಳ್ಳುವುದು. ಇವು ನಾಲ್ಕೂ ಒಂದೇ ದೋಷಕ್ಕೆ ಮದ್ದಲ್ಲ, ಇವುಗಳಿಗೆ ತಗಲುವ ಡೇಟಾ ಕೂಡ ಒಂದೇ ಅಲ್ಲ. ಮಲೆನಾಡಿನ ಅನೇಕ ಮನೆಗಳಲ್ಲಿ ಮೊಬೈಲ್ ಹಾಟ್‌ಸ್ಪಾಟೇ ಇಂಟರ್ನೆಟ್ ಆಗಿರುವುದರಿಂದ, ಯಾವುದನ್ನು ಮೊದಲು ಮಾಡಬೇಕು ಎಂಬುದನ್ನು ನಾನು ಮುಖ್ಯವಾಗಿ ಡೇಟಾದ ಲೆಕ್ಕದಿಂದಲೇ ಅಳೆದಿದ್ದೇನೆ.

ತೀರ್ಥಹಳ್ಳಿಯಲ್ಲಿರುವ ನನ್ನ ಅಕ್ಕನ ಮಗನ ಲ್ಯಾಪ್‌ಟಾಪ್‌ನಲ್ಲಿ ಈ ನಾಲ್ಕನ್ನೂ ಹೋಲಿಸಿ ನೋಡುವ ಅವಕಾಶ ಸಿಕ್ಕಿತು. ಅವನು ಡೋಟಾ 2 ಗೇಮನ್ನು ಹೊರಗಿನಿಂದ ಯುಎಸ್‌ಬಿ ಮೂಲಕ ಜೋಡಿಸುವ ದೊಡ್ಡ ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟಿದ್ದ. ಮಳೆಗಾಲದಲ್ಲಿ ಬಂದ ಒಂದು ಅಪ್‌ಡೇಟ್ ಶೇಕಡಾ 99ಕ್ಕೆ ನಿಂತು, ಬಳಿಕ ಡಿಸ್ಕ್‌ಗೆ ಬರೆಯಲಾಗಲಿಲ್ಲ ಎಂಬ ಸಂದೇಶ ತೋರಿಸುತ್ತಿತ್ತು. “ಮಾವ, ಎಲ್ಲ ಅಳಿಸಿ ಮತ್ತೆ ಹಾಕಿಬಿಡಲಾ?” ಎಂದು ಅವನು ಕೇಳಿದಾಗ, ಮೊದಲು ಡೌನ್‌ಲೋಡ್ ಪುಟದ ಗ್ರಾಫನ್ನು ನೋಡು ಎಂದೆ.

ಆ ಗ್ರಾಫ್‌ನಲ್ಲಿ ನೆಟ್‌ವರ್ಕ್ ಮತ್ತು ಡಿಸ್ಕ್‌ನ ವೇಗಗಳು ಬೇರೆ ಬೇರೆಯಾಗಿ ಕಾಣುತ್ತವೆ. ಸ್ಟೀಮ್ ಗೇಮನ್ನು ಸುಮಾರು ಒಂದೊಂದು ಎಂಬಿಯ ಸಂಕುಚಿತ ತುಂಡುಗಳಾಗಿ ತರಿಸಿಕೊಂಡು, ಪ್ರತಿಯೊಂದು ತುಂಡನ್ನೂ ಅದರ ಗುರುತಿನ ಸಂಕೇತವಾದ ಹ್ಯಾಶ್‌ನೊಂದಿಗೆ ತಾಳೆ ನೋಡಿ, ಬಿಡಿಸಿ, `steamapps\downloading` ಫೋಲ್ಡರ್‌ನಲ್ಲಿ ಜೋಡಿಸಿ, ಕೊನೆಗೆ `steamapps\common` ಒಳಗಿನ ಗೇಮ್ ಫೋಲ್ಡರ್‌ಗೆ ಸೇರಿಸುತ್ತದೆ. ಹೀಗಾಗಿ ಕೊನೆಯ ಹಂತದಲ್ಲಿ ನೆಟ್‌ವರ್ಕ್ ಸೊನ್ನೆಗೆ ಇಳಿದು ಡಿಸ್ಕ್ ಮಾತ್ರ ಓಡುತ್ತಿದ್ದರೆ ಅದು ದೋಷವಲ್ಲ. ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿ ದೊಡ್ಡ ಅಪ್‌ಡೇಟ್ ಈ ಹಂತದಲ್ಲಿ ಬಹಳ ಹೊತ್ತು ತೆಗೆದುಕೊಳ್ಳುವುದು ಸಹಜ, ಆಗ ಕಾಯುವುದೇ ಸರಿ. ಡಿಸ್ಕ್ ಕೂಡ ಸೊನ್ನೆಯಲ್ಲೇ ಉಳಿದರೆ ಅಥವಾ ನಮ್ಮ ಪ್ರಕರಣದಂತೆ ಸ್ವಲ್ಪ ಓಡಿ ಬಿದ್ದು ಮತ್ತೆ ಏಳುತ್ತಿದ್ದರೆ ಮಾತ್ರ ಮುಂದಿನ ಪರಿಹಾರಗಳ ಪ್ರಶ್ನೆ ಬರುತ್ತದೆ.

ಕ್ಯಾಶ್ ಅಳಿಸುವುದು ಸುಲಭದ ಕೆಲಸ. ಸೆಟ್ಟಿಂಗ್ಸ್‌ನ Downloads ಭಾಗದಲ್ಲಿ Clear Cache ಒತ್ತಿದರೆ ಸ್ಟೀಮ್ ಮರುಪ್ರಾರಂಭವಾಗಿ ಲಾಗಿನ್ ಕೇಳುತ್ತದೆ. ಆದ್ದರಿಂದ ಪಾಸ್‌ವರ್ಡ್ ಮತ್ತು ಸ್ಟೀಮ್ ಗಾರ್ಡ್ ಇರುವ ಫೋನ್ ಕೈಯಲ್ಲಿರಬೇಕು. ಇದರಿಂದ ಗೇಮ್ ಅಳಿಯುವುದಿಲ್ಲ, ಡೇಟಾ ಕೂಡ ಬಹುತೇಕ ಖರ್ಚಾಗುವುದಿಲ್ಲ. ಡೌನ್‌ಲೋಡ್ ಆರಂಭವೇ ಆಗದಿದ್ದಾಗ ಅಥವಾ ನೆಟ್‌ವರ್ಕ್ ವೇಗ ಸೊನ್ನೆಯಲ್ಲಿ ಅಂಟಿಕೊಂಡಾಗ ಇದನ್ನು ಮಾಡಿ ನೋಡಬಹುದು. ಡೌನ್‌ಲೋಡ್ ರೀಜನ್ ಅನ್ನು ಚೆನ್ನೈನಿಂದ ಮುಂಬೈಗೆ ಬದಲಿಸುವುದೂ ಇದೇ ಬಗೆಯ ಉಪಾಯ. ಡಿಸ್ಕ್‌ನ ತೊಂದರೆಗೆ ಇವೆರಡರಿಂದಲೂ ಪ್ರಯೋಜನವಿಲ್ಲ, ನಮಗೂ ಆಗಲಿಲ್ಲ.

ಎರಡನೆಯದಾಗಿ ಸ್ಟೀಮ್ ಅನ್ನು ಪೂರ್ತಿ ಮುಚ್ಚಿ `steamapps\downloading\570` ಫೋಲ್ಡರನ್ನು ತೆಗೆದೆವು. 570 ಎಂಬುದು ಡೋಟಾ 2ರ ಸಂಖ್ಯೆ. ಇಲ್ಲಿ ಎಚ್ಚರ ಬೇಕು. ಅಪ್‌ಡೇಟ್ ಆಗಿದ್ದರೆ ಆ ಅಪ್‌ಡೇಟ್‌ನಷ್ಟೇ ಡೇಟಾ ವ್ಯರ್ಥವಾಗುತ್ತದೆ, ಆದರೆ ಗೇಮನ್ನು ಮೊದಲ ಸಲ ಇಳಿಸುತ್ತಿದ್ದರೆ ಅಲ್ಲಿಯವರೆಗೆ ಬಂದಿದ್ದೆಲ್ಲವೂ ಅದೇ ಫೋಲ್ಡರ್‌ನಲ್ಲಿರುವುದರಿಂದ ಎಲ್ಲವೂ ಹೋಗುತ್ತದೆ. ನಮ್ಮ ಅಪ್‌ಡೇಟ್ ಮತ್ತೆ ಇಳಿದು, ಅದೇ ಜಾಗಕ್ಕೆ ಬಂದು ನಿಂತಿತು.

ನಾಲ್ಕರಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವುದು ವೆರಿಫೈಗೆ. ಲೈಬ್ರರಿಯಲ್ಲಿ ಗೇಮಿನ ಮೇಲೆ ರೈಟ್ ಕ್ಲಿಕ್ ಮಾಡಿ Properties, ಅಲ್ಲಿ Installed Files, ಅಲ್ಲಿ Verify integrity of game files. ಇದು ಇಡೀ ಗೇಮನ್ನು ಡಿಸ್ಕ್‌ನಿಂದ ಓದಿ, ಕೆಟ್ಟ ತುಂಡುಗಳನ್ನು ಮಾತ್ರ ಮತ್ತೆ ತರಿಸುತ್ತದೆ. ಹೊತ್ತು ಹಿಡಿದರೂ ಡೇಟಾ ಕಡಿಮೆ. ದುರಸ್ತಿಗಿಂತ ಮಿಗಿಲಾಗಿ ಇದು ರೋಗಲಕ್ಷಣವನ್ನು ತಿಳಿಸುತ್ತದೆ ಎಂಬುದು ನನಗೆ ಮುಖ್ಯ. ಅದಕ್ಕಾಗಿ ಗೇಮನ್ನು ತೆರೆಯದೆ ಬೆನ್ನುಬೆನ್ನಿಗೆ ಎರಡು ಸಲ ವೆರಿಫೈ ಮಾಡಿಸಿ, ಸ್ಟೀಮ್ ಫೋಲ್ಡರ್‌ನ `logs\content_log.txt` ಕಡತದಲ್ಲಿ `Validation` ಎಂದು ಹುಡುಕಿ, ಯಾವ ಫೈಲ್‌ಗಳು ಸೋತವು ಎಂದು ನೋಡಬೇಕು. ಎರಡನೆಯ ಸಲ ಎಲ್ಲವೂ ಸರಿಯಾಗಿದ್ದರೆ ಕೆಲಸ ಮುಗಿಯಿತು. ಅದೇ ಫೈಲ್ ಮತ್ತೆ ಸೋತರೆ ಆಂಟಿವೈರಸ್ ಅದನ್ನು ಎತ್ತಿಟ್ಟಿರಬಹುದು, ಅಥವಾ ಡಿಸ್ಕ್‌ನ ಆ ಜಾಗ ಕೆಟ್ಟಿರಬಹುದು. ಪ್ರತಿ ಸಲವೂ ಬೇರೆ ಬೇರೆ ಫೈಲ್‌ಗಳು ಸೋತರೆ, ತಪ್ಪು ಆ ಫೈಲ್‌ಗಳದ್ದಲ್ಲ, ಅವುಗಳನ್ನು ಓದಿ ಬರೆಯುವ ದಾರಿಯದ್ದು: ರ‍್ಯಾಮ್, ಯುಎಸ್‌ಬಿ ಕೇಬಲ್ ಅಥವಾ ಡಿಸ್ಕ್‌ಗೆ ಬರುವ ವಿದ್ಯುತ್. ಕೆಲವು ಗೇಮ್‌ಗಳು ತಮ್ಮ ಸೆಟ್ಟಿಂಗ್ಸ್ ಫೈಲನ್ನು ತಾವೇ ಬದಲಿಸಿಕೊಳ್ಳುವುದರಿಂದ, ಆಡಿದ ಬಳಿಕ ಒಂದೆರಡು ಫೈಲ್ ಸೋಲುವುದಕ್ಕೆ ಚಿಂತಿಸಬೇಕಾಗಿಲ್ಲ.

ನಮ್ಮಲ್ಲಿ ಸಲದಿಂದ ಸಲಕ್ಕೆ ಬೇರೆ ಫೈಲ್‌ಗಳು ಸೋಲುತ್ತಿದ್ದವು. ರ‍್ಯಾಮ್ ಪರೀಕ್ಷೆಗೆ `mdsched.exe` ಓಡಿಸಿದಾಗ ದೋಷ ಕಾಣಲಿಲ್ಲ. ಆಮೇಲೆ ವಿಂಡೋಸ್‌ನ ಈವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್‌ನಲ್ಲಿ `disk` ಮೂಲದ ದಾಖಲೆಗಳನ್ನು ನೋಡಿದೆವು. ಅಲ್ಲಿ ಈವೆಂಟ್ ಸಂಖ್ಯೆ 7 ಇದ್ದರೆ ಡಿಸ್ಕ್‌ನಲ್ಲಿ ಕೆಟ್ಟ ಬ್ಲಾಕ್ ಇದೆಯೆಂದು ಅರ್ಥ. 153 ಇದ್ದರೆ ಓದುವ ಅಥವಾ ಬರೆಯುವ ಕೆಲಸವನ್ನು ಮತ್ತೆ ಮಾಡಬೇಕಾಯಿತು ಎಂದು ಅರ್ಥ. ನಮಗೆ 7 ಸಿಗಲಿಲ್ಲ, 153 ಸಿಕ್ಕಿತು, ಅದೂ ಕರೆಂಟ್ ಹೋಗಿ ಬಂದ ಹೊತ್ತುಗಳ ಸುತ್ತಲೇ. ಆಗ ವಿಷಯ ತಿಳಿಯಿತು: ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುತ್ತಿತ್ತು, ರೂಟರ್ ಇನ್ವರ್ಟರ್ ಮೇಲಿತ್ತು, ಆದರೆ ಆ 3.5 ಇಂಚಿನ ಹಾರ್ಡ್ ಡಿಸ್ಕ್‌ನ ಸ್ವಂತ ಅಡಾಪ್ಟರ್ ಮಾತ್ರ ಗೋಡೆಯ ಸಾಕೆಟ್‌ನಲ್ಲಿತ್ತು. ಮಳೆಯಲ್ಲಿ ಕರೆಂಟ್ ಒಮ್ಮೆ ಮಿನುಗಿದರೂ ಪರದೆ ಹಾಗೆಯೇ ಉರಿಯುತ್ತಿದ್ದ ಕಾರಣ, ಬರೆಯುತ್ತಿದ್ದ ಡಿಸ್ಕ್ ಆ ಕ್ಷಣ ಸತ್ತು ಬದುಕಿದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅಡಾಪ್ಟರನ್ನು ಇನ್ವರ್ಟರ್‌ನ ಸಾಕೆಟ್‌ಗೆ ಬದಲಿಸಿ, ಸ್ಟೀಮ್ ಮುಚ್ಚಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ ಫೈಲ್ ವ್ಯವಸ್ಥೆಯನ್ನು ಸರಿಪಡಿಸಿದೆವು. ಅಲ್ಲಿ E ಎಂಬುದು ಆ ಡಿಸ್ಕ್‌ನ ಅಕ್ಷರ:

```
chkdsk E: /f
```

ಇದಾದ ಮೇಲೆ ಮಾಡಿದ ವೆರಿಫೈ ಹಾಳಾಗಿದ್ದ ಭಾಗಗಳನ್ನಷ್ಟೇ ತರಿಸಿತು, ಮುಂದಿನದು ಯಾವ ದೋಷವನ್ನೂ ತೋರಿಸಲಿಲ್ಲ, ಅಪ್‌ಡೇಟ್ ಪೂರ್ತಿಯಾಯಿತು. ಮೊದಲು chkdsk, ಆಮೇಲೆ ವೆರಿಫೈ ಎಂಬ ಈ ಕ್ರಮ ಅದಲುಬದಲಾಗಬಾರದು. ಫೈಲ್ ವ್ಯವಸ್ಥೆಯೇ ಹಾಳಾಗಿರುವಾಗ ವೆರಿಫೈ ತರಿಸಿದ ತುಂಡುಗಳೂ ಅದೇ ಹಾಳಿನ ಮೇಲೆ ಕೂರುತ್ತವೆ.

ಇಡೀ ಗೇಮನ್ನು ಅಳಿಸಿ ಹಾಕಿದ್ದರೆ ಹತ್ತಾರು ಜಿಬಿ ಡೇಟಾ ಮತ್ತೆ ಬೇಕಾಗುತ್ತಿತ್ತು, ಅದೂ ಅದೇ ಅಸ್ಥಿರ ಡಿಸ್ಕ್‌ಗೆ ಬಂದು ಬೀಳುತ್ತಿತ್ತು. ಡಿಸ್ಕನ್ನೇ ಬದಲಿಸಬೇಕಾದಾಗ, ಅಂದರೆ ಸಂಖ್ಯೆ 7ರ ದಾಖಲೆಗಳು ಮತ್ತೆ ಮತ್ತೆ ಬರುವಾಗ, ಈ ದಾರಿಯನ್ನು ನಾನು ಒಪ್ಪುತ್ತೇನೆ. ಆಗಲೂ ಇಂಟರ್ನೆಟ್‌ನಿಂದ ಇಳಿಸುವ ಮೊದಲು, ಅದೇ ಗೇಮ್ ಇರುವ ಸ್ನೇಹಿತರ ಕಂಪ್ಯೂಟರನ್ನು ಒಂದೇ ವೈಫೈಗೆ ಜೋಡಿಸಿ, ಎರಡೂ ಕಡೆ ಸ್ಟೀಮ್ ತೆರೆದು, Downloads ಸೆಟ್ಟಿಂಗ್ಸ್‌ನಲ್ಲಿ Game File Transfer over Local Network ಎಂಬುದನ್ನು ಸ್ನೇಹಿತರಿಗೆ ಅನುಮತಿಸಬೇಕು. 2023ರಲ್ಲಿ ಬಂದ ಈ ಸೌಲಭ್ಯದಿಂದ ಗೇಮಿನ ಬಹುಪಾಲು ಮನೆಯೊಳಗಿನ ನೆಟ್‌ವರ್ಕ್‌ನಲ್ಲೇ ವರ್ಗವಾಗುತ್ತದೆ, ಸ್ನೇಹಿತರ ಬಳಿ ಇಲ್ಲದ ಭಾಗ ಮಾತ್ರ ಹೊರಗಿನಿಂದ ಬರುತ್ತದೆ.