ಪ್ರತಿ ಹೆಜ್ಜೆಗೂ ಹೊಸ ಜಾಕೋಬಿಯನ್ನೋ, ಹಳೆಯದೇ ಸಾಕೋ?

x²+y²=4, x=y ಸಮೀಕರಣಗಳನ್ನು (1,1)ರಿಂದ ಬಿಡಿಸೋಣ. ಎಲ್ಲವನ್ನೂ ಎಡಕ್ಕೆ ತಂದರೆ F = (x²+y²−4, x−y), ಇದು ಸೊನ್ನೆಯಾಗಬೇಕು. ಪೂರ್ಣ ನ್ಯೂಟನ್ ವಿಧಾನ ಪ್ರತಿ ಹೆಜ್ಜೆಯಲ್ಲೂ F ನ ಆಂಶಿಕ ಅವಕಲನಗಳ ಮಾತೃಕೆಯಾದ ಜಾಕೋಬಿಯನ್ J ಅನ್ನು ಹೊಸದಾಗಿ ಕಟ್ಟಿ, J·s = −F ಬಿಡಿಸಿ, ಸಿಕ್ಕ ತಿದ್ದುಪಡಿ s ಅನ್ನು ಈಗಿನ ಬಿಂದುವಿಗೆ ಕೂಡಿಸುತ್ತದೆ. x ಬೆಲೆ 1.5, 1.41667, 1.414216 ಎಂದು ಸಾಗುತ್ತದೆ, ದೋಷ 0.086, 0.0025, 0.000002. ಸರಿಯಾದ ಅಂಕಿಗಳು ಹೆಜ್ಜೆಗೆ ಸುಮಾರು ಇಮ್ಮಡಿ.

ಮೊದಲ ಜಾಕೋಬಿಯನ್ನನ್ನೇ ಉಳಿಸಿಕೊಂಡರೆ 1.5, 1.375, 1.4297: ದೋಷ ಪ್ರತಿ ಸಲ ಸುಮಾರು 0.4 ಪಟ್ಟಿಗಷ್ಟೇ ಇಳಿಯುತ್ತದೆ. ಆದರೆ n ಚರಗಳಿದ್ದಾಗ, J ಅನ್ನು ಎರಡು ತ್ರಿಕೋನ ಮಾತೃಕೆಗಳಾಗಿ ಒಡೆಯುವ LU ವಿಭಜನೆಗೆ ಸುಮಾರು 2n³/3 ಲೆಕ್ಕಕ್ರಿಯೆ ಬೇಕು, ಅದನ್ನು ಮರುಬಳಸಿದರೆ 2n² ಸಾಕು.

ಚರಗಳು ಕೆಲವೇ ಇದ್ದರೆ ಪೂರ್ಣ ವಿಧಾನವೇ ಸರಿ. ಸಾವಿರಾರಿದ್ದರೆ ಹಳೆಯದನ್ನು ಬಳಸಿ. F ನ ಗಾತ್ರ ‖F‖ ಒಂದು ಹೆಜ್ಜೆಯಲ್ಲಿ ಅರ್ಧಕ್ಕೂ ಇಳಿಯದಿದ್ದಾಗ ಹೊಸದು ಕಟ್ಟಿ. J ನ ವಿಲೋಮ ಮಾತ್ರ ಎಂದೂ ಕಟ್ಟಬೇಡಿ, ದುಬಾರಿ.

ಈ ವೇಗ ಪರಿಹಾರದ ಹತ್ತಿರ ಮಾತ್ರ. (1,−1)ರಿಂದ ಹೊರಟರೆ J ನ ನಿರ್ಧಾರಕ −2(x+y) ಸೊನ್ನೆ, J·s = −F ಬಿಡಿಸಲಾಗದು. ಎರಡೂ ವಿಧಾನ ಮೊದಲ ಹೆಜ್ಜೆಯಲ್ಲೇ ನಿಲ್ಲುತ್ತವೆ.